ದರಗು ತರಲು ಕಾಡಿಗೆ, ಸಂಜೆ ವಾಕಿಂಗ್‌ಗೆ: ಉಣುಗು ಮತ್ತು ಸೊಳ್ಳೆಗೆ ಯಾವ ಬಟ್ಟೆ ಸರಿ?

ಕೊಪ್ಪದ ಸೊಸೆ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಕೊಪ್ಪದ ಹತ್ತಿರ. ತೋಟದ ಬೇಲಿ ದಾಟಿದರೆ ಕಾಡೇ. ಚಳಿಗಾಲ ಶುರುವಾದರೆ ನಮ್ಮತ್ತೆ ದರಗು, ಅಂದರೆ ಉದುರಿದ ಒಣ ಎಲೆ, ಗುಡಿಸಿ ತರಲು ಆಗಾಗ ಕಾಡಿಗೆ ಹೋಗುತ್ತಾರೆ. ಕೊಟ್ಟಿಗೆಗೆ ಹಾಸಲು ಅದು ಬೇಕೇ ಬೇಕು, ಹೋಗಬೇಡಿ ಎಂದು ಹೇಳುವ ಹಾಗಿಲ್ಲ. ನೈಟಿ ಮೇಲೆ ಮಾವನ ಹಳೇ ಫುಲ್ ತೋಳಿನ ಶರ್ಟು, ತಲೆಗೆ ಟವೆಲ್, ಕಾಲಿಗೆ ಹವಾಯಿ ಚಪ್ಪಲಿ. ಇದೇ ಅವರ ಡ್ರೆಸ್ಸು. ಉಣುಗಿನಿಂದ ಹರಡುವ ಮಂಗನ ಕಾಯಿಲೆ ಸೀಸನ್‌ನಲ್ಲಿ ನನಗೆ ತುಂಬಾ ಭಯ ಆಗುತ್ತದೆ.

ಆಶಾ ಅಕ್ಕ ಉಣುಗು ಹತ್ತದ ಹಾಗೆ ಮೈಗೆ ಹಚ್ಚುವ ಡೆಪಾ ಎಣ್ಣೆ ಕೊಟ್ಟು ಹೋಗಿದ್ದಾರೆ. ಅದನ್ನು ಕೈಕಾಲಿಗೆ ಹಚ್ಚಿಕೊಳ್ಳುತ್ತಾರೆ. ನನ್ನ ಪ್ರಶ್ನೆ ಬಟ್ಟೆಯದ್ದು. ಯಾವ ಬಣ್ಣ ಒಳ್ಳೆಯದು? ಬಟ್ಟೆಗೇ ಹೊಡೆಯುವ ಪರ್ಮೆಥ್ರಿನ್ ಸ್ಪ್ರೇ ಅಂತ ಇದೆಯಂತೆ, ಅದು ನಿಜವಾಗಿ ಕೆಲಸ ಮಾಡುತ್ತದಾ? ನಾನೂ ಸಂಜೆ ರಸ್ತೆಯಲ್ಲಿ ವಾಕಿಂಗ್ ಹೋಗುತ್ತೇನೆ, ಅಲ್ಲಿ ಸೊಳ್ಳೆ ಕಾಟ. ಇಬ್ಬರಿಗೂ ಒಂದೇ ಥರದ ಬಟ್ಟೆ ಸಾಕಾ?

ಮೂಡಿಗೆರೆ ಪ್ಲಾಂಟರ್

ಫುಲ್ ತೋಳು ಹಾಕಿಸುತ್ತಿದ್ದೀರಲ್ಲ, ಅದು ಸರಿ. ಬಿಳಿ ಬಟ್ಟೆ ಹಾಕಿಸಿ, ಬಿಳಿಗೆ ಉಣುಗು ಹತ್ತುವುದಿಲ್ಲ. ಸ್ಪ್ರೇಗೆ ಸುಮ್ನೆ ದುಡ್ಡು ಯಾಕೆ ಹಾಕುತ್ತೀರಿ? ಗೊಬ್ಬರದ ಅಂಗಡಿಯಲ್ಲಿ ಸೈಪರ್‌ಮೆಥ್ರಿನ್ ಸಿಗುತ್ತದೆ. ಒಂದು ಬಕೆಟ್ ನೀರಿಗೆ ಒಂದು ಮುಚ್ಚಳ ಹಾಕಿ, ಬಟ್ಟೆ ಅದ್ದಿ ಒಣಗಿಸಿ. ಎರಡೂ ಒಂದೇ ಜಾತಿಯ ಔಷಧಿ.

ನಿವೃತ್ತ ಪಶುವೈದ್ಯ

ಪ್ಲಾಂಟರ್ ಅವರೇ, ಒಂದೇ ಜಾತಿ ಅನ್ನುವುದು ನಿಜ. ಆದರೆ ಆ ಬಕೆಟ್ ಕೆಲಸ ದಯವಿಟ್ಟು ಯಾರೂ ಮಾಡಬೇಡಿ. ಗಿಡಕ್ಕೆ ಹೊಡೆಯುವ ಡಬ್ಬಿಯಲ್ಲಿ ಔಷಧಿ ಮಾತ್ರ ಇರುವುದಿಲ್ಲ, ಅದನ್ನು ಕರಗಿಸಲು ಹಾಕಿದ ದ್ರಾವಕವೂ ಇರುತ್ತದೆ. ಎಲೆಯ ಮೇಲೆ ಬಿದ್ದರೆ ಅದು ಆರಿ ಹೋಗುತ್ತದೆ. ಬಟ್ಟೆಯಲ್ಲಿ ಉಳಿದರೆ ಬೆವರಿನ ಜೊತೆ ಇಡೀ ದಿನ ಮೈಗೆ ಉಜ್ಜುತ್ತದೆ. ಸೈಪರ್‌ಮೆಥ್ರಿನ್ ಚರ್ಮಕ್ಕೆ ತಾಗಿದರೆ ಜುಮ್ಮೆನ್ನುತ್ತದೆ, ಉರಿಯುತ್ತದೆ. ಸ್ಪ್ರೇ ಮಾಡುವ ಆಳುಗಳನ್ನು ಕೇಳಿ ನೋಡಿ, ಸಂಜೆ ಮುಖ ಉರಿ ಅನ್ನುತ್ತಾರೆ. ಜೊತೆಗೆ ಒಂದು ಮುಚ್ಚಳ ಅಂದರೆ ಎಷ್ಟು? ಡಬ್ಬಿಯಿಂದ ಡಬ್ಬಿಗೆ ಗಾಢತೆ ಬೇರೆ.

ಪರ್ಮೆಥ್ರಿನ್ ಬೇರೆ ಲೆಕ್ಕ. ಅದು ಮನುಷ್ಯರ ಚರ್ಮದಲ್ಲಿ ಬಹಳ ಕಡಿಮೆ ಇಳಿಯುತ್ತದೆ. ಕಜ್ಜಿಗೆ ಡಾಕ್ಟರು ಬರೆದುಕೊಡುವ ಕ್ರೀಮ್ ಕೂಡ ಅದೇ. ಬಟ್ಟೆಗೆ ಬಳಸುವ ಸ್ಪ್ರೇ 0.5 ಪರ್ಸೆಂಟ್ ಇರುತ್ತದೆ. ಅಮೆರಿಕದ ಸೈನಿಕರ ಯೂನಿಫಾರ್ಮ್‌ಗೆ 1990ರ ದಶಕದಿಂದ ಹಾಕುತ್ತಿದ್ದಾರೆ. ಹಾಗಂತ ಕಜ್ಜಿಯ ಕ್ರೀಮನ್ನು ಬಟ್ಟೆಗೆ ಬಳಿಯಬೇಡಿ, ಬಟ್ಟೆಯ ಸ್ಪ್ರೇಯನ್ನು ಮೈಗೆ ಹಾಕಬೇಡಿ. ಅದು ಬಟ್ಟೆಗೆ, ಡೆಪಾ ಎಣ್ಣೆ ಮೈಗೆ.

ಇನ್ನು ಬಣ್ಣ. ಬಿಳಿ ಕಂಡು ಉಣುಗು ದೂರ ಹೋಗುವುದಿಲ್ಲ. ಅದು ಹುಲ್ಲಿನ ತುದಿಯಲ್ಲೋ ಒಣಗಿದ ಎಲೆಯ ಅಂಚಲ್ಲೋ ಮುಂದಿನ ಕಾಲು ಚಾಚಿಕೊಂಡು ಕಾದು ಕೂತಿರುತ್ತದೆ. ಆ ಕಾಲಿನಲ್ಲೇ ಅದಕ್ಕೆ ವಾಸನೆ, ಉಸಿರು, ಬಿಸಿ ಗೊತ್ತಾಗುತ್ತದೆ. ನೀವು ಸವರಿಕೊಂಡು ಹೋದರೆ ಹಿಡಿದುಕೊಳ್ಳುತ್ತದೆ, ಬಿಳಿಯೋ ಕಪ್ಪೋ ಅದಕ್ಕೆ ಲೆಕ್ಕವಿಲ್ಲ. ತಿಳಿ ಬಣ್ಣ ಬೇಕಾಗಿರುವುದು ನಮ್ಮ ಕಣ್ಣಿಗೆ. ಮಂಗನ ಕಾಯಿಲೆ ಹರಡುವುದು ಹೆಚ್ಚಾಗಿ ಬೆಳೆಯದ ಮರಿ ಉಣುಗು. ಗಸಗಸೆ ಕಾಳಿನಷ್ಟೇ ಇರುತ್ತದೆ. ಹೂವಿನ ಪ್ರಿಂಟ್ ಇರುವ ನೈಟಿಯ ಮೇಲೆ ಅದು ಕಾಣುವ ಮಾತೇ ಇಲ್ಲ.

ಅಮ್ಮನವರ ಡ್ರೆಸ್ಸಿನಲ್ಲಿ ಮೇಲಿನ ಅರ್ಧ ಚೆನ್ನಾಗಿದೆ. ತೊಂದರೆ ಇರುವುದು ಕೆಳಗೆ. ಮರಿ ಉಣುಗು ದರಗಿನಲ್ಲೇ ಇರುತ್ತದೆ, ಮೊಣಕಾಲಿನ ಕೆಳಗೇ ಹತ್ತುತ್ತದೆ, ಆಮೇಲೆ ಮೇಲೆ ಮೇಲೆ ಹೋಗುತ್ತದೆ. ನೈಟಿಯ ಅಂಚು ದರಗನ್ನು ಗುಡಿಸಿಕೊಂಡೇ ಹೋಗುತ್ತದೆ, ಒಳಗೆ ಕಾಲು ಬರಿಗಾಲು. ಉಣುಗಿಗೆ ಬಾಗಿಲು ತೆರೆದು ಇಟ್ಟ ಹಾಗಾಯಿತು. ನೀವು ಖರ್ಚು ಮಾಡುವುದಿದ್ದರೆ ಮೊದಲು ಕಾಲಿಗೆ ಮಾಡಿ.

ಕೊಪ್ಪದ ಸೊಸೆ

ಡಾಕ್ಟ್ರೇ, ತುಂಬಾ ಥ್ಯಾಂಕ್ಸ್. ನಾನು ಇಷ್ಟು ದಿನ ತೋಳಿನ ಬಗ್ಗೆಯೇ ಯೋಚಿಸುತ್ತಿದ್ದೆ. ಆದರೆ ಅತ್ತೆ ಪ್ಯಾಂಟ್ ಹಾಕುವುದಿಲ್ಲ. ಏನು ಮಾಡಲಿ?

ನಿವೃತ್ತ ಪಶುವೈದ್ಯ

ಪ್ಯಾಂಟ್ ಹೊರಗೆ ಕಾಣಬೇಕಿಲ್ಲವಲ್ಲ. ನೈಟಿಯ ಒಳಗೆ ತಿಳಿ ಬಣ್ಣದ, ಸ್ವಲ್ಪ ದಪ್ಪ ಬಟ್ಟೆಯ ಟ್ರ್ಯಾಕ್ ಪ್ಯಾಂಟ್. ಅದರ ಮೇಲೆ ಮೊಣಕಾಲಿನವರೆಗೆ ಬರುವ ಜಿಗಣೆ ಸಾಕ್ಸ್. ಚಾರಣಕ್ಕೆ ಹೋಗುವವರು ಮಳೆಗಾಲದಲ್ಲಿ ಹಾಕುತ್ತಾರಲ್ಲ, ಅದೇ. ಅದರ ನೇಯ್ಗೆ ಒತ್ತಾಗಿರುತ್ತದೆ, ಮೇಲೆ ದಾರ ಕಟ್ಟುವ ಹಾಗಿರುತ್ತದೆ. ಪ್ಯಾಂಟ್ ಸಾಕ್ಸಿನ ಒಳಗೆ ಹೋಗಬೇಕು, ಇದು ಮುಖ್ಯ. ಸಾಕ್ಸ್ ಒಳಗೆ, ಪ್ಯಾಂಟ್ ಹೊರಗೆ ಆದರೆ ಉಣುಗು ಪ್ಯಾಂಟಿನ ಒಳಗೇ ಹತ್ತುತ್ತದೆ. ಹವಾಯಿ ಬದಲು ಶೂ ಅಥವಾ ಗಮ್ ಬೂಟ್. ನೈಟಿಯನ್ನು ಮೊಣಕಾಲಿನವರೆಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡರೆ ಅಂಚು ನೆಲಕ್ಕೆ ತಾಗುವುದಿಲ್ಲ. ಗದ್ದೆ ಕೆಲಸಕ್ಕೆ ಎಲ್ಲರೂ ಹಾಗೇ ಕಟ್ಟುತ್ತಾರೆ, ಅವರಿಗೆ ಹೊಸದೇನಲ್ಲ.

ಸ್ಪ್ರೇ ಹೊಡೆಯುವುದು ಸಾಕ್ಸ್, ಟ್ರ್ಯಾಕ್ ಪ್ಯಾಂಟ್, ಶೂ ಮತ್ತು ನೈಟಿಯ ಕೆಳಗಿನ ಒಂದು ಗೇಣು. ಶರ್ಟಿಗೆ ಆಮೇಲೆ ನೋಡೋಣ. ಒಳಉಡುಪಿಗೆ ಬೇಡ.

ಕೊಳ್ಳುವಾಗ ಡಬ್ಬಿ ಓದಿ. ಬಟ್ಟೆಗೆ ಅಂತಲೇ ಬರೆದಿರಬೇಕು, ಪರ್ಮೆಥ್ರಿನ್ ಎಷ್ಟು ಪರ್ಸೆಂಟ್ ಅಂತ ಇರಬೇಕು. ನಮ್ಮ ದೇಶದಲ್ಲಿ ಕೀಟನಾಶಕ ಮಾರಲು 1968ರ ಕಾಯ್ದೆಯ ಪ್ರಕಾರ ನೋಂದಣಿ ಬೇಕು. ಆ ನಂಬರೂ, ಬಣ್ಣದ ಗುರುತೂ ಡಬ್ಬಿಯ ಮೇಲೆ ಇರುತ್ತವೆ. ಇವು ಯಾವುದೂ ಇಲ್ಲದೆ "ಹರ್ಬಲ್" ಅಂತ ಮಾತ್ರ ಬರೆದಿದ್ದರೆ ವಾಪಸ್ ಇಡಿ.

ಹೊಡೆಯುವ ಕ್ರಮ ಹೇಳುತ್ತೇನೆ. ಅಂಗಳದಲ್ಲಿ, ಗಾಳಿ ಆಡುವ ಕಡೆ, ಬಟ್ಟೆಯನ್ನು ತಂತಿಗೆ ನೇತು ಹಾಕಿ. ಮೂಗಿಗೆ ಬಟ್ಟೆ, ಕೈಗೆ ಗ್ಲೌಸ್. ಗಾಳಿಗೆ ಬೆನ್ನು ಮಾಡಿ ನಿಲ್ಲಿ. ಒಂದು ಗೇಣು ದೂರದಿಂದ ನಿಧಾನವಾಗಿ ಹೊಡೆಯಿರಿ. ಬಟ್ಟೆಯ ಬಣ್ಣ ಒದ್ದೆಯಾಗಿ ಕಡುವಾಗಬೇಕು, ಆದರೆ ಹನಿ ತೊಟ್ಟಿಕ್ಕಬಾರದು. ಎರಡೂ ಕಡೆ. ಸಾಕ್ಸಿನ ಪಟ್ಟಿ, ಪ್ಯಾಂಟಿನ ಅಂಚು, ಹೊಲಿಗೆ ಇರುವ ಕಡೆ ಜಾಸ್ತಿ ಗಮನ ಕೊಡಿ, ಉಣುಗು ಅಲ್ಲೇ ಸಿಕ್ಕಿಕೊಳ್ಳುವುದು. ಆಮೇಲೆ ನೆರಳಲ್ಲೇ ಪೂರ್ತಿ ಒಣಗಲಿ. ಹಿಂದಿನ ದಿನವೇ ಹೊಡೆದಿಟ್ಟರೆ ಒಳ್ಳೆಯದು, ಒದ್ದೆ ಬಟ್ಟೆ ಹಾಕಬಾರದು.

ಹಾಸನದ ವಾಕರ್

ನನ್ನದು ಸೊಳ್ಳೆ ಸಮಸ್ಯೆ. ನಾನು ಸಂಜೆ ಬಡಾವಣೆಯ ಪಾರ್ಕಿನಲ್ಲಿ ವಾಕ್ ಮಾಡುತ್ತೇನೆ. ಕಪ್ಪು ಲೆಗ್ಗಿಂಗ್ಸ್, ಫುಲ್ ತೋಳಿನ ಟಾಪ್. ಮೈ ಪೂರ್ತಿ ಮುಚ್ಚಿದ್ದರೂ ತೊಡೆಗೆ, ಮೀನಖಂಡಕ್ಕೆ ಕಚ್ಚುತ್ತವೆ! ಪಕ್ಕದಲ್ಲಿ ಬರುವ ಆಂಟಿ ಅಗಲ ಕಾಟನ್ ಸಲ್ವಾರ್‌ನಲ್ಲಿ ಆರಾಮಾಗಿರುತ್ತಾರೆ. ನನ್ನ ರಕ್ತದ ಗುಂಪಿನ ತೊಂದರೆನಾ ಇದು?

ಕಾಡು ಸುತ್ತುವವನು, ಚಿಕ್ಕಮಗಳೂರು

ರಕ್ತದ ಗುಂಪಿಗಿಂತ ಮೊದಲು ಲೆಗ್ಗಿಂಗ್ಸ್ ನೋಡಿ ಅಕ್ಕ. ಸೊಳ್ಳೆಯ ಸೂಜಿ ತೆಳು ಬಟ್ಟೆಯೊಳಗೆ ಸಲೀಸಾಗಿ ಹೋಗುತ್ತದೆ. ಲೆಗ್ಗಿಂಗ್ಸ್ ಹಿಗ್ಗಿದಾಗ ನೇಯ್ಗೆಯ ಸಂದು ಇನ್ನೂ ದೊಡ್ಡದಾಗುತ್ತದೆ, ಬಟ್ಟೆ ಚರ್ಮಕ್ಕೆ ಅಂಟಿಯೇ ಇರುತ್ತದೆ. ಸಲ್ವಾರ್‌ನಲ್ಲಿ ಬಟ್ಟೆಗೂ ಕಾಲಿಗೂ ನಡುವೆ ಜಾಗ ಇದೆ, ಅಷ್ಟು ದೂರ ಸೂಜಿ ಮುಟ್ಟುವುದಿಲ್ಲ. ಮೈ ಮುಚ್ಚಿದರೆ ಸಾಲದು, ಸಡಿಲವಾಗಿ ಮುಚ್ಚಬೇಕು. ಬಟ್ಟೆಯನ್ನು ಬೆಳಕಿಗೆ ಹಿಡಿದು ಎಳೆದು ನೋಡಿ. ಬೆಳಕಿನ ಚುಕ್ಕೆಗಳು ಕಂಡರೆ ಆ ಬಟ್ಟೆ ಸಂಜೆಗೆ ಬೇಡ.

ಎರಡನೆಯದು ಬಣ್ಣ. ಡಾಕ್ಟ್ರು ಹೇಳಿದ್ದು ಉಣುಗಿಗೆ, ಸೊಳ್ಳೆಗೆ ಹಾಗಲ್ಲ. ಸೊಳ್ಳೆ ನಿಜವಾಗಿ ಬಣ್ಣ ನೋಡುತ್ತದೆ. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆಯ ಮೇಲೆ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದವರು 2022ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ನಾವು ಬಿಡುವ ಉಸಿರಿನ ವಾಸನೆ ಸಿಕ್ಕ ಮೇಲೆ ಅದು ಕೆಂಪು, ಕಿತ್ತಳೆ, ಕಪ್ಪು, ತಿಳಿ ಹಸಿರುಮಿಶ್ರಿತ ನೀಲಿ ಬಣ್ಣಗಳ ಕಡೆ ಹೋಗುತ್ತದೆ. ಹಸಿರು, ನೇರಳೆ, ನೀಲಿ, ಬಿಳಿಯ ಕಡೆ ಅಷ್ಟಾಗಿ ಹೋಗುವುದಿಲ್ಲ. ಉಸಿರಿನ ವಾಸನೆ ಇಲ್ಲದಿದ್ದರೆ ಯಾವ ಬಣ್ಣಕ್ಕೂ ಕ್ಯಾರೆ ಅನ್ನುವುದಿಲ್ಲ. ಮನುಷ್ಯರ ಚರ್ಮ, ಯಾವ ಮೈಬಣ್ಣದವರದ್ದೇ ಆಗಲಿ, ಸೊಳ್ಳೆಯ ಕಣ್ಣಿಗೆ ಕೆಂಪು ಕಿತ್ತಳೆ ಕಡೆಗೇ ಕಾಣುತ್ತದೆ. ಹಾಗಾಗಿ ಉದ್ದ ತೋಳು ಎರಡು ಕೆಲಸ ಮಾಡುತ್ತದೆ: ಸೂಜಿಯನ್ನು ತಡೆಯುತ್ತದೆ, ಅದು ಹುಡುಕುವ ಬಣ್ಣವನ್ನೂ ಮುಚ್ಚುತ್ತದೆ.

ಹಾಸನದ ವಾಕರ್

ಓಹ್, ಅರ್ಥ ಆಯಿತು. ನೀಲಿ ಪರವಾಗಿಲ್ಲ ಅಂದರೆ ನೇವಿ ಬ್ಲೂ ಟ್ರ್ಯಾಕ್ ಪ್ಯಾಂಟ್ ಇದೆ, ಅದನ್ನು ಹಾಕಲಾ?

ಕಾಡು ಸುತ್ತುವವನು, ಚಿಕ್ಕಮಗಳೂರು

ಬೇಡ. ಸಂಜೆ ಬೆಳಕಿನಲ್ಲಿ ನೇವಿ ಬ್ಲೂ ಕಪ್ಪಿನ ಹಾಗೇ ಕಾಣುತ್ತದೆ, ಸೊಳ್ಳೆಗೆ ಕಡು ಬಣ್ಣ ಎದ್ದು ಕಾಣುತ್ತದೆ. ಬೂದು, ಕೆನೆ, ತಿಳಿ ಹಸಿರು ಹಾಕಿ. ಇನ್ನೊಂದು, ಈಡಿಸ್ ಕಚ್ಚುವುದು ಹಗಲಲ್ಲಿ. ಬೆಳಿಗ್ಗೆ ಮತ್ತು ಕತ್ತಲಾಗುವ ಮುಂಚೆ ಜಾಸ್ತಿ. ಕತ್ತಲಾದ ಮೇಲೆ ಚರಂಡಿಯಿಂದ ಬರುವುದು ಬೇರೆ ಸೊಳ್ಳೆ, ಅದರ ಮೇಲೆ ಬಣ್ಣದ ಭರವಸೆ ಇಡಬೇಡಿ. ಅಲ್ಲಿ ಸಡಿಲ ಬಟ್ಟೆ, ಪಾದ ಮುಚ್ಚುವ ಸಾಕ್ಸ್, ಬಿಟ್ಟ ಜಾಗಕ್ಕೆ ಸೊಳ್ಳೆ ಕ್ರೀಮು, ಅಷ್ಟೇ ಕೆಲಸಕ್ಕೆ ಬರುವುದು. ಪಾರ್ಕ್ ವಾಕಿಂಗ್‌ಗೆ ಪರ್ಮೆಥ್ರಿನ್ ಹೊಡೆಯುವಷ್ಟು ಅಗತ್ಯ ನನಗೆ ಕಾಣುವುದಿಲ್ಲ.

ಉಣುಗಿನ ಬಣ್ಣದ ಬಗ್ಗೆ ಡಾಕ್ಟ್ರಿಗೆ ಒಂದು ಪ್ರಶ್ನೆ. ಸ್ವೀಡನ್‌ನಲ್ಲಿ ಜನರಿಗೆ ತಿಳಿ ಬಟ್ಟೆ, ಕಡು ಬಟ್ಟೆ ಬದಲಾಯಿಸಿ ಹಾಕಿಸಿ ಉಣುಗು ಇರುವ ಜಾಗದಲ್ಲಿ ನಡೆಸಿದರು. ತಿಳಿ ಬಟ್ಟೆಯ ಮೇಲೇ ಜಾಸ್ತಿ ಉಣುಗು ಸಿಕ್ಕವು. ಹಾಗಿದ್ದರೆ ತಿಳಿ ಬಣ್ಣ ಹಾಕಿ ಎನ್ನುವ ಸಲಹೆ ಸರಿಯಾ?

ನಿವೃತ್ತ ಪಶುವೈದ್ಯ

ಒಳ್ಳೆಯ ಪ್ರಶ್ನೆ. ಅದು ಅಲ್ಲಿನ ಬೇರೆ ಜಾತಿಯ ಉಣುಗು, ನಮ್ಮ ಮಲೆನಾಡಿನದ್ದಲ್ಲ. ಅಲ್ಲಿ ಸಿಕ್ಕಿದ್ದು ಇಲ್ಲಿಗೂ ಅನ್ವಯಿಸುತ್ತದೆ ಎಂದು ನಾನು ಹೇಳಲಾರೆ, ಅನ್ವಯಿಸುವುದಿಲ್ಲ ಎಂದೂ ಹೇಳಲಾರೆ. ಆದರೂ ನಾನು ತಿಳಿ ಬಣ್ಣವನ್ನೇ ಹೇಳುತ್ತೇನೆ. ಕಪ್ಪು ಪ್ಯಾಂಟಿನ ಮೇಲೆ ಎರಡೇ ಹತ್ತಿದರೂ ಕಾಣದಿದ್ದರೆ ಮನೆಯೊಳಗೆ ಬರುತ್ತವೆ. ಕೆನೆ ಬಣ್ಣದ ಮೇಲೆ ನಾಲ್ಕು ಹತ್ತಿದರೂ ಬೇಲಿಯ ಹತ್ತಿರವೇ ತೆಗೆಯಬಹುದು. ಔಷಧಿ ಹೊಡೆದ ಬಟ್ಟೆಯಾದರೆ ಅವು ಜಾಸ್ತಿ ಹೊತ್ತು ನಿಲ್ಲುವುದೂ ಇಲ್ಲ.

ಕಾಡು ಸುತ್ತುವವನು, ಚಿಕ್ಕಮಗಳೂರು

ನೋಡುವ ಅಭ್ಯಾಸ ಇದ್ದವರಿಗೆ ನಿಮ್ಮ ಮಾತು ಸರಿ ಸರ್. ಆದರೆ ಬಹಳ ಜನ ತಿಳಿ ಬಟ್ಟೆ ಹಾಕಿಕೊಂಡು ನೋಡದೇ ಮನೆಗೆ ಹೋಗುತ್ತಾರೆ. ಅವರಿಗೆ ಅದರಿಂದ ಲಾಭವೇ ಇಲ್ಲ ಅನ್ನುವುದು ನನ್ನ ವಾದ.

ಬೆಕ್ಕಿನ ಮನೆಯವಳು

ಯಾರೂ ಹೇಳಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಮನೆಯಲ್ಲಿ ಬೆಕ್ಕಿದ್ದರೆ ಜೋಪಾನ! ಪರ್ಮೆಥ್ರಿನ್ ಬೆಕ್ಕಿಗೆ ವಿಷ. ನಮ್ಮ ಪಕ್ಕದ ಮನೆಯಲ್ಲಿ ನಾಯಿಗೆ ಹಾಕುವ ಹನಿ ಔಷಧಿಯನ್ನು ಬೆಕ್ಕಿಗೆ ಹಾಕಿ, ಅದು ನಡುಗುತ್ತಾ ಬಿದ್ದು ಸತ್ತೇಹೋಯಿತು. ಬಟ್ಟೆಗೆ ಹೊಡೆದರೂ ಹಾಗೇ ಆಗುತ್ತದಾ?

ನಿವೃತ್ತ ಪಶುವೈದ್ಯ

ಹೇಳಿದ್ದು ಒಳ್ಳೆಯದಾಯಿತು. ಬೆಕ್ಕಿನ ಲಿವರ್‌ಗೆ ಆ ಔಷಧಿಯನ್ನು ಬೇಗ ಕರಗಿಸಿ ಹೊರಹಾಕುವ ಶಕ್ತಿ ಇಲ್ಲ. ನಾಯಿಯ ಹನಿ ಔಷಧಿ ಬಹಳ ಗಾಢ, ಬಟ್ಟೆಯ ಸ್ಪ್ರೇ ತೆಳು. ಆದರೂ ಒದ್ದೆ ಇರುವವರೆಗೆ ಬೆಕ್ಕು ಅದರ ಹತ್ತಿರ ಸುಳಿಯಬಾರದು. ಒಣಗಿದ ಮೇಲೆ ಅಪಾಯ ಬಹಳ ಕಡಿಮೆ, ಆದರೆ ಆ ಬಟ್ಟೆಯ ಮೇಲೆ ಮಲಗಲು ಬಿಡಬೇಡಿ. ಮೀನು ಮತ್ತು ಜೇನಿಗೂ ಇದು ವಿಷವೇ. ಜೇನು ಪೆಟ್ಟಿಗೆ ಇರುವ ಕಡೆ ಹೊಡೆಯಬೇಡಿ. ಆ ಬಟ್ಟೆಯನ್ನು ಹಳ್ಳಕ್ಕೆ, ಕೆರೆಗೆ ಒಯ್ದು ಒಗೆಯಬೇಡಿ.

ಎನ್.ಆರ್.ಪುರ ಹುಡುಗ

ಸರ್, ನಮ್ಮ ನಾಯಿಗೆ ಕಿವಿ ತುಂಬಾ ಉಣುಗು. ಈ ಸ್ಪ್ರೇಯನ್ನು ನಾಯಿಗೆ ಹೊಡೆಯಬಹುದಾ? ಅದರಿಂದ ನಮಗೂ ಮಂಗನ ಕಾಯಿಲೆ ಬರುತ್ತಾ?

ನಿವೃತ್ತ ಪಶುವೈದ್ಯ

ಇಲ್ಲಿ ಮಾತು ಬಟ್ಟೆಯದ್ದು ತಮ್ಮಾ. ನಾಯಿಗೆ ನಾಯಿಯ ಔಷಧಿಯನ್ನೇ ಹಾಕಬೇಕು, ಹತ್ತಿರದ ಪಶು ಆಸ್ಪತ್ರೆಗೆ ಕರೆದುಕೊಂಡು ಹೋಗು. ಕಿವಿಯಲ್ಲಿ ಗೊಂಚಲಾಗಿ ಕೂರುವುದು ಸಾಮಾನ್ಯವಾಗಿ ನಾಯಿ ಉಣುಗು. ಮಂಗನ ಕಾಯಿಲೆ ಹರಡುವುದು ಮುಖ್ಯವಾಗಿ ಕಾಡಿನ ಬೇರೆ ಉಣುಗು. ಆದರೆ ಕಾಡಿನಲ್ಲಿ ಓಡಾಡಿದ ನಾಯಿ ಅದನ್ನೂ ಮನೆಗೆ ತರಬಹುದು. ಹಾಗಾಗಿ ದರಗು ತರಲು ಹೋಗುವಾಗ ನಾಯಿ ಜೊತೆಗೆ ಬೇಡ.

ಮೂಡಿಗೆರೆ ಪ್ಲಾಂಟರ್

ಡಾಕ್ಟ್ರೇ, ಸೈಪರ್‌ಮೆಥ್ರಿನ್ ಬಿಟ್ಟೆ, ಒಪ್ಪಿದೆ. ಆದರೆ ಸ್ಪ್ರೇ ಕೆಲಸ ಮಾಡುತ್ತಿದೆಯಾ ಅಂತ ಪರೀಕ್ಷೆ ಮಾಡಬೇಕಲ್ಲ? ದನದ ಮೈಯಿಂದ ಒಂದು ಉಣುಗು ಕಿತ್ತು ಆ ಸಾಕ್ಸಿನ ಮೇಲೆ ಬಿಟ್ಟರೆ ಗೊತ್ತಾಗುತ್ತದೆ, ಅಲ್ವಾ? ಸತ್ತರೆ ಒಳ್ಳೆ ಮಾಲು, ಸಾಯದಿದ್ದರೆ ಮೋಸ.

ನಿವೃತ್ತ ಪಶುವೈದ್ಯ

ಉಪಾಯ ಚೆನ್ನಾಗಿದೆ, ಆದರೆ ಉಣುಗು ಸರಿಯಿಲ್ಲ. ದನಕ್ಕೆ ವರ್ಷಗಟ್ಟಲೆ ಇದೇ ಜಾತಿಯ ಔಷಧಿ ಬಳಿದು ಬಳಿದು, ದನದ ಉಣುಗಿಗೆ ಹಲವು ಕಡೆ ಅದು ತಾಗದ ಹಾಗಾಗಿದೆ. ಅದು ಸಾಯದಿದ್ದರೆ ಸ್ಪ್ರೇ ಕೆಟ್ಟದ್ದು ಅಂತ ಹೇಳಲಾಗುವುದಿಲ್ಲ. ರಕ್ತ ಕುಡಿದು ಉಬ್ಬಿದ್ದಂತೂ ಬೇಡವೇ ಬೇಡ, ಅದು ಹೇಗೂ ನಡೆಯುವುದಿಲ್ಲ.

ಕಾಡಿನಿಂದ ಬಂದಾಗ ಸಾಕ್ಸಿನ ಮೇಲೆ ಸಿಕ್ಕ ಉಣುಗನ್ನೇ ನೋಡಿ. ಔಷಧಿ ಇರುವ ಬಟ್ಟೆಯ ಮೇಲೆ ಅದು ನೆಟ್ಟಗೆ ಹತ್ತುವುದಿಲ್ಲ. ಕಾಲು ಎತ್ತಿ ಎತ್ತಿ ಇಡುತ್ತದೆ, ದಿಕ್ಕು ತಪ್ಪಿದ ಹಾಗೆ ಸುತ್ತುತ್ತದೆ, ಸ್ವಲ್ಪ ಹೊತ್ತಿಗೆ ಉದುರುತ್ತದೆ. ಏನೂ ಆಗದ ಹಾಗೆ ಸರಸರ ಮೇಲೆ ಹೋಗುತ್ತಿದ್ದರೆ ಔಷಧಿ ಮುಗಿದಿದೆ ಅಂತ ತಿಳಿಯಿರಿ. ಬರಿಗೈಯಲ್ಲಿ ಮುಟ್ಟಬೇಡಿ, ಉಗುರಲ್ಲಿ ಹೊಸಕಿ ಕೊಲ್ಲಬೇಡಿ. ಅಂಟು ಟೇಪಿಗೆ ಅಂಟಿಸಿ ಮಡಚಿದರೆ ಮುಗಿಯಿತು.

ಕೊಪ್ಪದ ಸೊಸೆ

ಎಲ್ಲರಿಗೂ ಧನ್ಯವಾದ. ಸ್ಪ್ರೇ ತರಿಸಿ ಹೊಡೆದೆ, ಅತ್ತೆ ಹಾಕಿಕೊಂಡು ಹೋಗುತ್ತಿದ್ದಾರೆ. ಟ್ರ್ಯಾಕ್ ಪ್ಯಾಂಟ್‌ಗೆ ಮೊದಲು ಬೈದರು. ಜಿಗಣೆ ಸಾಕ್ಸ್ ಕಂಡು, ಇದು ಮಳೆಗಾಲಕ್ಕೂ ಆಗುತ್ತದಲ್ಲ ಅಂದರು, ಆಮೇಲೆ ಮಾತಿಲ್ಲ.

ನಾನು ಕಂಡದ್ದನ್ನು ಬರೆಯುತ್ತೇನೆ. ಅವರು ಬಂದ ಕೂಡಲೇ ಬೇಲಿಯ ಹತ್ತಿರ ನಿಲ್ಲಿಸಿ ಸಾಕ್ಸ್ ನೋಡಿದೆ. ಬಿಸಿಲಿಗೆ ತಿರುಗಿಸಿದರೆ ಮಾತ್ರ ಕಾಣುತ್ತವೆ. ಎಡಗಾಲಿನ ಹೊಲಿಗೆಯ ಗುಂಟ ಎರಡು ಕಂದು ಚುಕ್ಕೆ. ಮಣ್ಣು ಅಂದುಕೊಳ್ಳುವಷ್ಟರಲ್ಲಿ ಒಂದು ಕಾಲು ಆಡಿಸಿತು. ಡಾಕ್ಟ್ರು ಹೇಳಿದ ಹಾಗೇ ಮುಂದೆ ಹೋಗದೆ ಅಲ್ಲೇ ಒದ್ದಾಡುತ್ತಿತ್ತು. ಇನ್ನೊಂದು ಅಲುಗಾಡಲೇ ಇಲ್ಲ. ಆದರೆ ಶರ್ಟಿನ ತೋಳಿನ ಮೇಲೆ ಒಂದು ಚುರುಕಾಗಿ ಹೋಗುತ್ತಿತ್ತು! ದರಗನ್ನು ತೋಳಲ್ಲಿ ತಬ್ಬಿ ಕುಕ್ಕೆಗೆ ತುಂಬುತ್ತಾರಲ್ಲ, ಅಲ್ಲಿಂದ ಹತ್ತಿರಬೇಕು.

ಈಗ ಒಗೆಯುವುದರ ಬಗ್ಗೆ ಹೇಳಿ. ನಮ್ಮಲ್ಲಿ ಕಲ್ಲಿಗೆ ಬಡಿದು ಒಗೆಯುವುದು.

ನಿವೃತ್ತ ಪಶುವೈದ್ಯ

ತೋಳಿನ ವಿಷಯ ನೀವು ಸರಿಯಾಗಿ ಹಿಡಿದಿರಿ. ದರಗು ತಬ್ಬುವವರಿಗೆ ಶರ್ಟೂ ಬೇಕು. ತೋಳು ಮತ್ತು ಎದೆಯ ಭಾಗಕ್ಕೆ ಹೊಡೆಯಿರಿ, ತೋಳಿನ ಗುಂಡಿ ಹಾಕಿಸಿ, ಗ್ಲೌಸನ್ನು ತೋಳಿನ ಮೇಲೆ ಎಳೆದುಕೊಳ್ಳಲಿ. ಮಣಿಕಟ್ಟು, ಕುತ್ತಿಗೆಗೆ ಡೆಪಾ.

ಡಬ್ಬಿಗಳ ಮೇಲೆ ಸುಮಾರು ಆರು ಒಗೆತ ಅಥವಾ ಆರು ವಾರ ಎಂದು ಬರೆದಿರುತ್ತಾರೆ. ಅದು ಮೆಷಿನ್‌ನಲ್ಲಿ ಮೃದುವಾಗಿ ಒಗೆಯುವ ಲೆಕ್ಕ. ಕಲ್ಲಿಗೆ ಬಡಿದರೆ ಬೇಗ ಹೋಗುತ್ತದೆ, ಬಿಸಿಲೂ ಅದನ್ನು ಕೆಡಿಸುತ್ತದೆ. ಹಾಗಾಗಿ ಈ ಬಟ್ಟೆಯನ್ನು ದಿನಾ ಒಗೆಯಬೇಡಿ. ಟೇಪಿನಿಂದ ಉಣುಗು ತೆಗೆದು, ಕೊಡವಿ, ಹೊರಗಿನ ಮಾಡಿನ ಕೆಳಗೆ ನೇತು ಹಾಕಿ. ಕೊಳೆಯಾದಾಗ ಮಾತ್ರ ತಣ್ಣೀರಿನಲ್ಲಿ ಕೈಯಲ್ಲಿ ಹಿಂಡಿ, ನೆರಳಲ್ಲಿ ಒಣಗಿಸಿ. ಸೀಸನ್ ಮುಗಿದ ಮೇಲೆ ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ.

ಔಷಧಿ ಹೊಡೆಯದ ನೈಟಿ, ಟವೆಲ್‌ಗೆ ತದ್ವಿರುದ್ಧ. ತಣ್ಣೀರಲ್ಲಿ ಒಗೆದರೆ ಉಣುಗು ಸಾಯುವುದಿಲ್ಲ. 54 ಡಿಗ್ರಿಗಿಂತ ಬಿಸಿ ಬೇಕು. ಬಚ್ಚಲ ಹಂಡೆಯಲ್ಲಿ ಕೈ ಇಡಲಾಗದಷ್ಟು ಕಾದ ನೀರನ್ನು ಬಕೆಟಿಗೆ ಸುರಿದು ಬಟ್ಟೆ ಮುಳುಗಿಸಿಡಿ. ಅವರು ಸ್ನಾನ ಮಾಡುವಾಗ ಮೊಣಕಾಲಿನ ಹಿಂದೆ, ತೊಡೆಸಂದು, ಕಂಕುಳು, ಕಿವಿಯ ಹಿಂದೆ, ಕೂದಲ ಬುಡ ನೋಡಿಕೊಳ್ಳಲಿ. ಕಚ್ಚಿಕೊಂಡಿದ್ದರೆ ಸಣ್ಣ ಚಿಮಟದಿಂದ ಚರ್ಮದ ಹತ್ತಿರ ಹಿಡಿದು ನೇರ ಎಳೆಯಿರಿ. ಊದುಬತ್ತಿ ಇಡುವುದು, ಸೀಮೆಎಣ್ಣೆ ಹಾಕುವುದು ಬೇಡ. ಮುಂದಿನ ಒಂದು ವಾರ, ಹತ್ತು ದಿನದಲ್ಲಿ ದಿಢೀರ್ ಜ್ವರ, ತಲೆನೋವು, ಸೊಂಟನೋವು ಬಂದರೆ ಕಾಡಿಗೆ ಹೋಗಿದ್ದನ್ನು ಹೇಳಿಯೇ ರಕ್ತ ಪರೀಕ್ಷೆ ಮಾಡಿಸಿ. ಕಾಡಿನಲ್ಲಿ ಸತ್ತ ಮಂಗ ಕಂಡರೆ ಯಾವ ಬಟ್ಟೆ ಹಾಕಿದ್ದರೂ ಆ ಕಡೆ ಹೋಗಬಾರದು, ಆರೋಗ್ಯ ಇಲಾಖೆಗೆ ತಿಳಿಸಬೇಕು.

ಮೂಡಿಗೆರೆ ಪ್ಲಾಂಟರ್

ಒಂದು ಪ್ರಶ್ನೆ ಉಳಿಯಿತು. ನಮ್ಮ ತೋಟದ ಆಳುಗಳಿಗೆ ಇಂಥ ಒಂದು ಸೆಟ್ ಮಾಡಿಸಿಕೊಡಬೇಕು ಅಂತಿದ್ದೇನೆ. ಆದರೆ ಮೆಣಸು ಕೊಯ್ಲಿನ ಹೊತ್ತಿಗೆ ಸೆಕೆ. ದಪ್ಪ ಪ್ಯಾಂಟು, ಸಾಕ್ಸು, ಫುಲ್ ತೋಳು ಹಾಕಿ ಮಧ್ಯಾಹ್ನದವರೆಗೆ ಕೆಲಸ ಮಾಡುತ್ತಾರಾ? ಕಳೆದ ಸಲ ಕೊಟ್ಟ ಗಮ್ ಬೂಟನ್ನು ಹತ್ತು ಗಂಟೆಗೆಲ್ಲ ಬಿಚ್ಚಿ ಬೇಲಿಗೆ ನೇತು ಹಾಕಿದ್ದರು.

ಕಾಡು ಸುತ್ತುವವನು, ಚಿಕ್ಕಮಗಳೂರು

ಎಲ್ಲವನ್ನೂ ಒಟ್ಟಿಗೆ ಕೊಟ್ಟರೆ ಎಲ್ಲವನ್ನೂ ಬಿಚ್ಚುತ್ತಾರೆ ಸರ್. ಪ್ಯಾಂಟು ತೆಳು ಕಾಟನ್ನೇ ಇರಲಿ, ಸಡಿಲ ಇರಲಿ. ಔಷಧಿ ಹೊಡೆದಿದ್ದರೆ ಉಣುಗಿಗೆ ದಪ್ಪ ಬೇಕಿಲ್ಲ. ಸಾಕ್ಸ್ ಮಾತ್ರ ಬಿಡಬೇಡಿ.

ಕೊಪ್ಪದ ಸೊಸೆ

ಹೌದು ಅಣ್ಣ. ಅತ್ತೆಯೂ ಸೆಕೆ ಅಂತ ಗ್ಲೌಸ್ ಬಿಚ್ಚುತ್ತಾರೆ. ಸಾಕ್ಸ್ ಮಾತ್ರ ಬಿಚ್ಚಿಲ್ಲ. ಆಳುಗಳಿಗೆ ಕೊಡುವಾಗ ಪ್ರತಿಯೊಬ್ಬರದ್ದಕ್ಕೂ ಗುರುತು ಹಾಕಿಸಿ, ಮನೆಗೆ ಒಯ್ದು ಮಕ್ಕಳ ಬಟ್ಟೆಯ ಜೊತೆ ಒಗೆಯುವ ಹಾಗೆ ಆಗಬಾರದು.